ಇಬ್ಬರು ಸ್ಥಾಪಕರ ಫೋಟೋ

ನನ್ನ ಗಂಡ ತೀರಿಕೊಂಡ ಐದನೆಯ ತಿಂಗಳಲ್ಲಿ ನಮ್ಮ ಕಂಪನಿಗೆ ಒಂದು ಪ್ರೆಸ್ ಪೇಜ್ ಬೇಕೆಂದು ತೀರ್ಮಾನವಾಯಿತು. ಹಾಗೆಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಬಗ್ಗೆ ಬರೆಯಲು ಹೊರಟ ಪತ್ರಕರ್ತರು ಲೋಗೊ ಕಳಿಸಿ, ಫೋಟೋ ಕಳಿಸಿ ಎಂದು ಫೋನ್ ಮಾಡುತ್ತಾ ಕೂರುವ ಬದಲು, ತಾವೇ ವೆಬ್‌ಸೈಟಿಗೆ ಬಂದು ಬೇಕಾದ್ದನ್ನು ಇಳಿಸಿಕೊಂಡು ಹೋಗಲು ಇರುವ ಪುಟ ಅದು. ಅದರಲ್ಲಿ ಮೂರು ವಸ್ತುಗಳು ಇರಲೇಬೇಕು: ಕಂಪನಿಯ ಲೋಗೊ, ಸ್ಥಾಪಕರ ಫೋಟೋ, ಮತ್ತು ಒಂದೇ ಹಾಳೆಯಲ್ಲಿ ಕಂಪನಿಯ ಎಲ್ಲ ವಿವರ ಇರುವ ಫ್ಯಾಕ್ಟ್ ಶೀಟ್.

ನಮ್ಮದು ಮಣಿಪಾಲದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಯ ಕಂಪನಿ. ಮೀನಿನ ಕ್ರೇಟಿನೊಳಗೆ, ಮಂಜುಗಡ್ಡೆಯ ನಡುವೆ ಇಡುವ ಒಂದು ಸಣ್ಣ ಡಬ್ಬಿ ಮಾಡುತ್ತೇವೆ. ಒಳಗೆ ತಂಪು ಕಡಿಮೆಯಾದರೆ ಡಬ್ಬಿ ಮಾಲೀಕರ ಮೊಬೈಲಿಗೆ ಹೇಳುತ್ತದೆ. ಅದನ್ನು ಶುರು ಮಾಡಿದವರು ಇಬ್ಬರು. ಒಬ್ಬರು ಟಿವಿ ರಿಪೇರಿಯಿಂದ ಬಂದ ನನ್ನ ಗಂಡ. ಇನ್ನೊಬ್ಬ ಇವರಿಗಿಂತ ಎಂಟು ವರ್ಷ ಚಿಕ್ಕವನಾದ, ಕಾಪುವಿನ ಒಬ್ಬ ಇಂಜಿನಿಯರ್. ಈ ಪಾಲುದಾರ ನನ್ನನ್ನು ಅತ್ತಿಗೆ ಎಂದು ಕರೆಯುತ್ತಾನೆ. ನಾನು ಬಿ.ಕಾಂ. ಓದಿದವಳು, ಕಾಗದಪತ್ರ, ಗಿರಾಕಿಗಳ ಫೋನು, ಕನ್ನಡ ಟೈಪಿಂಗು, ವೆಬ್‌ಸೈಟು ಎಲ್ಲ ನನ್ನ ಮೇಜಿಗೆ ಬಂದು ಸೇರುತ್ತವೆ.

ಮೀನು ರಫ್ತು ಮಾಡುವ ದೊಡ್ಡ ಕಂಪನಿಯೊಂದು ನಮ್ಮ ಡಬ್ಬಿ ತೆಗೆದುಕೊಳ್ಳಲು ಒಪ್ಪಿದ್ದರಿಂದ ಪತ್ರಿಕೆಗಳಿಗೆ ಸುದ್ದಿ ಕೊಡಬೇಕಾಗಿತ್ತು. ಪ್ರಚಾರದ ಕೆಲಸ ಗೊತ್ತಿದ್ದ ಒಬ್ಬ ಹೆಂಗಸು ಬೆಂಗಳೂರಿನಿಂದ ಪುಟಕ್ಕೆ ಬೇಕಾದವುಗಳ ಪಟ್ಟಿ ಕಳಿಸಿದಳು. ಪಾಲುದಾರ ಅದನ್ನು ನನ್ನ ಮುಂದಿಟ್ಟು, ಕಿಟಕಿಯ ಕಡೆ ನೋಡುತ್ತಾ ಹೇಳಿದ:

“ಅತ್ತಿಗೆ, ಫೋಟೋ ಒಂದೇ ಸಾಕಲ್ವಾ?”

“ಯಾರದ್ದು?”

“ಈಗ ಇರುವವರದ್ದು.”

“ಇರುವವರದ್ದು ಅಂದರೆ ನಿನ್ನದು ಅಂತ ಹೇಳು ಮಾರಾಯ. ನಾಚಿಕೆ ಎಂತಕ್ಕೆ?”

ಅವನ ಮುಖ ಕೆಂಪಾಯಿತು. ಅವನಿಗೆ ಫೋಟೋದ ಹುಚ್ಚು ಇರಲಿಲ್ಲ, ಅದು ನನಗೆ ಗೊತ್ತು. ಅವನ ಹೆದರಿಕೆ ಬೇರೆ. ಸ್ಥಾಪಕರಲ್ಲಿ ಒಬ್ಬರು ಇಲ್ಲ ಎಂದು ಪುಟದಲ್ಲೇ ಕಂಡರೆ ಗಿರಾಕಿಗಳು ಈ ಕಂಪನಿ ಎಷ್ಟು ದಿನ ಉಂಟೋ ಎಂದು ಡಬ್ಬಿ ವಾಪಸ್ ಕೊಡುತ್ತಾರೆ ಎನ್ನುವುದು. ಬೆಂಗಳೂರಿನವಳೂ ಹಾಗೇ ಹೇಳಿದ್ದಳಂತೆ. ತೀರಿಹೋದವರಿಗೆ ಪುಟದ ಕೊನೆಯಲ್ಲಿ ನೆನಪಿನ ಸಾಲು ಹಾಕಿದರೆ ಸಾಕು, ಸ್ಥಾಪಕರ ಸಾಲಿನಲ್ಲಿ ಬೇಡ ಎಂದು.

ನಾನು ಫ್ಯಾಕ್ಟ್ ಶೀಟಿನ ಫೈಲ್ ತೆರೆದು ‘ಸ್ಥಾಪಕರು: ಇಬ್ಬರು’ ಎಂದು ಟೈಪ್ ಮಾಡಿದೆ. ಅವನು ನಿಂತು ನೋಡಿದ.

“ಇದು ನೆನಪಿನ ವಿಷಯ ಅಲ್ಲ,” ಎಂದೆ. “ಲೆಕ್ಕ ಹಾಕು. ಶುರು ಮಾಡಿದವರು ಎಷ್ಟು ಜನ?”

ಕೊನೆಗೆ ಒಂದು ಒಪ್ಪಂದವಾಯಿತು. ಇಬ್ಬರ ಫೋಟೋವೂ ಒಂದೇ ಅಳತೆಯಲ್ಲಿ, ಅಕ್ಕಪಕ್ಕ. ಆದರೆ ಅದರಿಂದಾಗಿ ಒಬ್ಬ ಗಿರಾಕಿ ಡಬ್ಬಿ ವಾಪಸ್ ತಂದರೂ ಆ ದಿನವೇ ಇವರ ಫೋಟೋವನ್ನು ಪುಟದಿಂದ ತೆಗೆದುಹಾಕುವುದು. ನಾನು ಒಪ್ಪಿದೆ. ಒಪ್ಪಿ ಮನೆಗೆ ಹೋಗಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಲೋಗೊದ ಕೆಲಸ ಮೊದಲು ಮುಗಿಸಿದೆ. ಅಲ್ಲಿಯವರೆಗೆ ನಾವು ಎಲ್ಲರಿಗೂ ಕಳಿಸುತ್ತಿದ್ದದ್ದು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ಮಸುಕಾದ ಒಂದು ಚಿತ್ರ. ಬಣ್ಣದ ಕಾಗದದ ಮೇಲೆ ಇಟ್ಟರೆ ಸುತ್ತ ಬಿಳಿ ಚೌಕ ಕಾಣುತ್ತಿತ್ತು. ಇವರ ಲ್ಯಾಪ್‌ಟಾಪಿನಲ್ಲಿ ಮೂಲ ಸಿಕ್ಕಿತು. ಎಷ್ಟು ಹಿಗ್ಗಿಸಿದರೂ ಒಡೆಯದ ಫೈಲ್ ಒಂದು, ಹಿನ್ನೆಲೆ ಇಲ್ಲದ್ದು ಒಂದು, ಕಪ್ಪು ಕಾಗದಕ್ಕೆ ಹೊಂದುವ ಬಿಳಿ ಗೆರೆಯದ್ದು ಒಂದು ಮಾಡಿಟ್ಟೆ. ಉಡುಪಿಯ ಪತ್ರಿಕೆಗಳಲ್ಲಿ ಪುಟ ಕಟ್ಟುವವರು ಕೋರೆಲ್‌ಡ್ರಾ ಫೈಲ್ ಕೇಳುತ್ತಾರೆಂದು ಅದನ್ನೂ ಸೇರಿಸಿದೆ. ಲೋಗೊ ಎಂದರೆ ಪೆಟ್ಟಿಗೆಯೊಳಗೆ ಒಂದು ಬಂಗುಡೆ ಮೀನು. ದೊಡ್ಡದು ಮಾಡಿ ನೋಡಿದಾಗಲೇ ಗೊತ್ತಾದದ್ದು, ಆ ಬಂಗುಡೆ ಒಂದು ಕಣ್ಣು ಹೊಡೆಯುತ್ತಿದೆ. ಮೂರು ವರ್ಷ ಅದೇ ಲೋಗೊ ಇರುವ ಕಾಗದದಲ್ಲಿ ನಾನು ಬ್ಯಾಂಕಿಗೆಲ್ಲ ಪತ್ರ ಬರೆದಿದ್ದೇನೆ.

ಇವರು ಬರೆದಿಟ್ಟ ಒಂದು ಹಳೆಯ ಫ್ಯಾಕ್ಟ್ ಶೀಟೂ ಅಲ್ಲೇ ಇತ್ತು. ‘ಮುಖ್ಯ ಕಚೇರಿ: ಜೆರಾಕ್ಸ್ ಅಂಗಡಿಯ ತಲೆಯ ಮೇಲೆ. ಶಾಖಾ ಕಚೇರಿ: ಅದೇ ಅಂಗಡಿಯ ಮೆಟ್ಟಿಲು. ಒಟ್ಟು ಸಿಬ್ಬಂದಿ: ನಾಲ್ಕು. ಅವರಲ್ಲಿ ಕೆಲಸ ಮಾಡುವವರು: ನನ್ನ ಹೆಂಡತಿ.’ ನಾನು ನಗುತ್ತಾ ಅಳುತ್ತಾ ಅದನ್ನು ಅಳಿಸಿ, ಶುರುವಾದ ವರ್ಷ, ವಿಳಾಸ, ಡಬ್ಬಿ ಹೇಗೆ ಕೆಲಸ ಮಾಡುತ್ತದೆ, ಯಾರನ್ನು ಸಂಪರ್ಕಿಸಬೇಕು ಎಂದೆಲ್ಲ ಸರಿಯಾಗಿ ಬರೆದೆ. ಕೊನೆಯ ಸಾಲಿನಲ್ಲಿ, ಸ್ಥಾಪಕರಲ್ಲಿ ಒಬ್ಬರು ಈ ವರ್ಷ ತೀರಿಕೊಂಡರು ಎಂದು ಬರೆದೆ. ಪಿಡಿಎಫ್ ಒಂದು, ವರ್ಡ್ ಫೈಲ್ ಒಂದು. ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗುತ್ತವೆ, ಅದಕ್ಕೆ.

ಕಷ್ಟವಾದದ್ದು ಫೋಟೋ. ಇವರು ಬದುಕಿನಲ್ಲಿ ಒಂದು ಫೋಟೋಕ್ಕೂ ನೆಟ್ಟಗೆ ನಿಂತವರಲ್ಲ. ಒಂದರಲ್ಲಿ ಅಂಜಲ್ ಮೀನನ್ನು ಕಿವಿಗೆ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದಾರೆ. ನಮ್ಮ ಮದುವೆಯ ಗ್ರೂಪ್ ಫೋಟೋದಲ್ಲಿ ನನ್ನ ಮಾವನ ತಲೆಯ ಹಿಂದೆ ಒಂದು ಕೈ ಎರಡು ಬೆರಳೆತ್ತಿ ನಿಂತಿದೆ. ಅದು ಮದುಮಗನ ಕೈ. ನೆಟ್ಟಗಿದ್ದದ್ದು ಒಂದೇ: ಕಾಪುವಿನ ದೀಪಸ್ತಂಭದ ಕೆಳಗೆ ನಾನೇ ತೆಗೆದದ್ದು, ಇಬ್ಬರು ಸ್ಥಾಪಕರೂ ಒಟ್ಟಿಗೆ ನಿಂತದ್ದು. ನೆಟ್ಟಗೆ ಎಂದರೆ ಮುಖ ಮಾತ್ರ. ಪಾಲುದಾರನ ತಲೆಯ ಹಿಂದೆ ಎರಡು ಬೆರಳು ಅಲ್ಲೂ ಇದ್ದವು.

ಅದನ್ನು ಕಾರ್ಕಳದ ಸ್ಟುಡಿಯೋಕ್ಕೆ ಕಳಿಸಿದೆ. ಇವರ ಉತ್ತರಕ್ರಿಯೆಗೆ ಚೌಕಟ್ಟಿನ ಫೋಟೋ ಮಾಡಿಕೊಟ್ಟವರೂ ಅವರೇ. ಫೋನಿನಲ್ಲಿ ಹೇಳಿದೆ: “ಇಬ್ಬರನ್ನೂ ಬೇರೆ ಬೇರೆ ಮಾಡಿ. ಹಿಂದೆ ಸಮುದ್ರ ಬೇಡ, ಒಂದೇ ಬಣ್ಣ ಸಾಕು. ಬೆರಳು ತೆಗೆಯಿರಿ. ಪೇಪರಿಗೆ ಕೊಡುವುದು, ಫೈಲ್ ದೊಡ್ಡದಿರಲಿ. ಮತ್ತೆ, ಇಬ್ಬರದ್ದೂ ಒಂದೇ ಥರ ಇರಬೇಕು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಅಂತ ಕಾಣಬಾರದು.”

ಅವರು, “ಆಯಿತಕ್ಕ, ಕಡಿಮೆ ಆಗುವುದಿಲ್ಲ,” ಎಂದರು. ಸ್ವರ ತುಂಬ ಮೆತ್ತಗಿತ್ತು.

ಮರುದಿನ ಫೈಲುಗಳು ಬಂದವು. ನಾನು ಅವನ್ನು ತೆರೆಯಲಿಲ್ಲ. ಪುಟದ ಮೇಲೆ ಕಾಣುವ ಸಣ್ಣ ಚಿತ್ರಗಳನ್ನು ಮೂಲ ಫೋಟೋದಿಂದಲೇ ನಾನು ಕತ್ತರಿಸಿ ಹಾಕಿಯಾಗಿತ್ತು. ಸ್ಟುಡಿಯೋದ ದೊಡ್ಡ ಫೈಲುಗಳು ಹೋಗಬೇಕಾದದ್ದು ಇಳಿಸಿಕೊಳ್ಳುವ ಜಿಪ್ ಫೈಲಿನೊಳಗೆ ಮಾತ್ರ. ಬೆರಳಷ್ಟು ದೊಡ್ಡ ಮುಖ ನೋಡುವುದು ಒಂದು. ಸ್ಕ್ರೀನ್ ತುಂಬ ಆ ಮುಖ ಬಂದರೆ ನಾನು ಆ ದಿನ ಬೇರೆ ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಹೆಸರು ಬದಲಿಸಿ, ಜಿಪ್ ಮಾಡಿ, ಪುಟಕ್ಕೆ ಏರಿಸಿ, ‘ಇಲ್ಲಿ ಒತ್ತಿ’ ಎಂಬ ಗುಂಡಿ ಕೆಲಸ ಮಾಡುತ್ತದೆಯೇ ಎಂದು ನೋಡಿದೆ. ಮಾಡುತ್ತಿತ್ತು. ಸೋಮವಾರ ಎಲ್ಲ ಪತ್ರಿಕೆಗಳಿಗೂ ಲಿಂಕ್ ಹೋಯಿತು.

ಬುಧವಾರ ಬೆಳಗ್ಗೆ ಕಲ್ಯಾಣಪುರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಪಾಲುದಾರನ ಫೋನ್ ಬಂತು.

“ಅತ್ತಿಗೆ, ನಾನು ಸತ್ತಿದ್ದೇನಂತೆ.”

“ಬೆಳಗ್ಗೆ ಬೆಳಗ್ಗೆ ಎಂತದು ಮಾರಾಯ.”

“ತಮಾಷೆ ಅಲ್ಲ. ಪೇಪರಿನಲ್ಲಿ ಬಂದಿದೆ. ಫೋಟೋ ಚೆನ್ನಾಗಿ ಬಂದಿದೆ ಅಂತ ಅಮ್ಮ ಹೇಳ್ತಾ ಇದ್ದಾರೆ.”

ಹಿಂದಿನಿಂದ ಅವನ ಅಮ್ಮನ ಸ್ವರ ಕೇಳುತ್ತಿತ್ತು. ಅವರು ಫೋಟೋ ಹೊಗಳುತ್ತಿರಲಿಲ್ಲ.

ನಿಲ್ದಾಣದ ಅಂಗಡಿಯಲ್ಲಿ ಪೇಪರ್ ತೆಗೆದುಕೊಂಡೆ. ವಾಣಿಜ್ಯದ ಪುಟದಲ್ಲಿ ನಾವು ಇರಲಿಲ್ಲ. ‘ನಿಧನ’ ಎನ್ನುವ ಅಂಕಣದಲ್ಲಿದ್ದೆವು. ಇಬ್ಬರು ಸ್ಥಾಪಕರು ಅಕ್ಕಪಕ್ಕ, ಒಂದೇ ಅಳತೆ, ಒಂದೇ ಹಿನ್ನೆಲೆ. ಇಬ್ಬರ ಕೊರಳಲ್ಲೂ ಗಂಧದ ಹಾರ. ಇಬ್ಬರ ತಲೆಯ ಹಿಂದೆಯೂ ಬೆಳಕಿನ ಚಕ್ರ. ಕೆಳಗೆ ಎಡಬದಿಗೆ ಉರಿಯುವ ದೀಪ. ಮೀನು ಕೆಡದಂತೆ ಕಾಯುವ ಸಾಧನ ರೂಪಿಸಿದ ಈ ಇಬ್ಬರು ಉದ್ಯಮಿಗಳು ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದು ಬರೆದಿತ್ತು.

ಬಸ್ಸಿನಲ್ಲಿ ಕೂತು ಸ್ಟುಡಿಯೋದವರಿಗೆ ಫೋನ್ ಮಾಡಿದೆ.

“ಎರಡಕ್ಕೂ ಹಾರ ಯಾಕೆ ಹಾಕಿದ್ದು?”

“ಒಂದೇ ಥರ ಇರಬೇಕು ಅಂದಿರಲ್ಲ ಅಕ್ಕ. ಪೇಪರಿಗೆ ಅಂತಲೂ ಹೇಳಿದಿರಿ. ನಮ್ಮಲ್ಲಿ ಪೇಪರಿಗೆ ಅಂತ ಫೋಟೋ ಮಾಡಿಸುವುದು ಶ್ರದ್ಧಾಂಜಲಿಗೇ ಅಲ್ವಾ.”

“ಆ ಇನ್ನೊಬ್ಬ ಇದ್ದಾನೆ.”



“ನನಗೆ ಪಾಪ ಅನ್ನಿಸಿತು,” ಎಂದರು. “ನಿಮ್ಮವರು ಹೋದ ಐದು ತಿಂಗಳಲ್ಲಿ ಇವರೂ ಹೋದರಾ ಅಂತ. ಕೇಳಿದರೆ ನಿಮಗೆ ಬೇಜಾರಾಗ್ತದೆ ಅಂತ ಕೇಳಲಿಲ್ಲ. ಅವರಿಗೆ ಒಳ್ಳೆಯ ಹಾರವನ್ನೇ ಹಾಕಿದ್ದೇನೆ.”

ಪತ್ರಿಕೆಯವರದ್ದೂ ಸುಮಾರಾಗಿ ಅದೇ ಮಾತು. ಫ್ಯಾಕ್ಟ್ ಶೀಟಿನಲ್ಲಿ ಒಬ್ಬರು ತೀರಿಕೊಂಡರು ಎಂದಿತ್ತು, ಹಾರ ಎರಡು ಫೋಟೋಕ್ಕಿತ್ತು. ಎರಡನೆಯವರು ಫ್ಯಾಕ್ಟ್ ಶೀಟ್ ಬರೆದ ಮೇಲೆ ಹೋಗಿರಬೇಕು ಎಂದು ಡೆಸ್ಕಿನಲ್ಲಿದ್ದವರು ತೀರ್ಮಾನಿಸಿದರಂತೆ. ನಾಳೆ ತಿದ್ದುಪಡಿ ಹಾಕುತ್ತೇವೆ ಎಂದರು. “ಹಾರ ಹಾಕಿದ ಫೋಟೋ ಬಂದರೆ ನಾವು ಅದನ್ನು ಬೇರೆ ಯಾವ ಪುಟಕ್ಕೆ ಹಾಕುವುದು ಮೇಡಂ?” ಎಂದು ಕೇಳಿದರು. ಒಂದು ಸಲ ಫೈಲ್ ತೆರೆದು ನೋಡಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದೇ.

ಕಚೇರಿಗೆ ಬಂದು ಮೊದಲು ಜಿಪ್ ಫೈಲನ್ನು ಪುಟದಿಂದ ತೆಗೆದೆ. ಆಮೇಲೆ ನಮ್ಮ ಒಪ್ಪಂದ ನೆನಪಾಯಿತು. ಒಬ್ಬ ಸ್ಥಾಪಕ ಇಲ್ಲವೆಂದು ಕಂಡರೆ ಡಬ್ಬಿ ವಾಪಸ್ ಬರುತ್ತದೆ ಎನ್ನುವುದು ಅವನ ಹೆದರಿಕೆಯಾಗಿತ್ತು. ಈಗ ಇಬ್ಬರೂ ಇಲ್ಲ ಎಂದು ಊರಿಗೇ ಅಚ್ಚಾಗಿತ್ತು. ಒಂದು ಡಬ್ಬಿ ಬಂದರೆ ಸಾಕು, ಇವರನ್ನು ನಾನೇ ನನ್ನ ಕೈಯಿಂದ ಅಳಿಸಬೇಕು.

ಪಾಲುದಾರ ಹತ್ತು ಗಂಟೆಗೆ ಗೋಳಿಬಜೆಯ ಪೊಟ್ಟಣ ಹಿಡಿದುಕೊಂಡು ಬಂದ. ಜೆರಾಕ್ಸ್ ಅಂಗಡಿಯವನು ಮೆಟ್ಟಿಲಿನವರೆಗೆ ಹಿಂದೆಯೇ ಬಂದು ನೋಡಿಹೋದ.

“ಅಪಾರ ಬಂಧುಬಳಗವಂತೆ,” ಎಂದು ಪಾಲುದಾರ ಕುರ್ಚಿಯಲ್ಲಿ ಕೂತ. “ನನ್ನ ಅಪ್ಪನ ಅಣ್ಣ ಏಳು ವರ್ಷದ ಮೇಲೆ ಇವತ್ತು ಮಾತಾಡಿದ್ದು. ನಾನೇ ಫೋನ್ ಎತ್ತಿದೆ. ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು.”

“ಕ್ಷಮಿಸು,” ಎಂದೆ.

“ಕ್ಷಮೆ ಎಂತಕ್ಕೆ? ಜೀವಮಾನದಲ್ಲಿ ನನ್ನನ್ನು ಇಷ್ಟು ಹೊಗಳಿದವರಿಲ್ಲ. ನಮ್ಮ ಶಾಲೆಯ ಮೇಷ್ಟರು ಅಮ್ಮನಿಗೆ ಫೋನ್ ಮಾಡಿ ನಾನು ಬುದ್ಧಿವಂತ ಅಂದರಂತೆ. ಆಗ ಹೇಳಿದ್ದರೆ ಓದುತ್ತಿದ್ದೆ.”

ಫೋನ್ ರಿಂಗಾಗುತ್ತಲೇ ಇತ್ತು. ಪ್ರತಿ ಸಲವೂ ನಾನು ಡಬ್ಬಿ ವಾಪಸ್ಸಿನ ಫೋನೇ ಎಂದುಕೊಂಡು ಎತ್ತುತ್ತಿದ್ದೆ. ಮೀನಿನ ಪಿಕಪ್ ಓಡಿಸುವ, ಬಾಗಲಕೋಟೆ ಕಡೆಯ ಒಬ್ಬ ಚಾಲಕ ಮಾಡಿದ: “ಅಕ್ಕಾರ, ಇಬ್ಬರೂ ಹೋದರಂತ ಓದಿ ಹೇಳಿದ್ರರಿ. ಭಾಳ ಕೆಟ್ಟ ಆತು. ಮತ್ತ ನಮ್ಮ ಡಬ್ಬಿ ನಿನ್ನಿಯಿಂದ ಕೆಂಪ ದೀಪ ತೋರಸಾಕ್ಹತ್ತೈತಿ, ಅದನ್ನ ನೀವ ನೋಡ್ತೀರೇನ್ರಿ?”

“ಹೌದು, ನೋಡ್ತೇವೆ. ಚಾರ್ಜಿಗೆ ಹಾಕಿ. ಮತ್ತೆ ಒಬ್ಬರು ಇದ್ದಾರೆ, ಸತ್ತಿಲ್ಲ.”

“ಹೌದೇನ್ರಿ? ಛಲೋ ಆತ್ರಿ. ಚಾರ್ಜಿಗೆ ಎಷ್ಟ ತಾಸು ಹಾಕಲ್ರಿ?”

ಮಧ್ಯಾಹ್ನ ಆಗುವ ಹೊತ್ತಿಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಕಾಪುವಿನಲ್ಲಿ ಮೀನು ಮಾರುವ ಒಬ್ಬ ಹೆಂಗಸು, ನಮ್ಮ ಮೊದಲ ಗಿರಾಕಿಗಳಲ್ಲಿ ಒಬ್ಬರು. ಕೈಯಲ್ಲಿ ಟವೆಲಿನಿಂದ ಸುತ್ತಿದ ಡಬ್ಬಿ. ಪಾಲುದಾರ ನನ್ನ ಮುಖ ನೋಡಿದ, ನಾನು ಡಬ್ಬಿ ನೋಡಿದೆ.

ಅವರು ಅವನ ಎದುರಿಗೇ ಬಂದು ನಿಂತರು. ಅವನ ಬಾಯಿಯಲ್ಲಿ ಅರ್ಧ ಗೋಳಿಬಜೆ ಇತ್ತು.

“ನೀನು ಇದ್ದೀಯಾ?”

ಅವನು ತಲೆ ಆಡಿಸಿದ.

“ಮತ್ತೆ ನಾನು ಎರಡು ಬಸ್ಸು ಹತ್ತಿ ಬಂದದ್ದು ಯಾರಿಗೆ?” ಎಂದು ಅವರು ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿ ಇಟ್ಟರು. “ಬೆಳಗ್ಗೆ ವ್ಯಾಪಾರ ಬಿಟ್ಟಿದ್ದೇನೆ.”

“ಡಬ್ಬಿ ವಾಪಸ್ ಕೊಡ್ಲಿಕ್ಕೆ ಬಂದದ್ದಾ ಅಮ್ಮ?” ಎಂದು ನಾನು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

“ವಾಪಸ್ಸಾ? ಎಂತಕ್ಕೆ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮುಚ್ಚಳ ಸಡಿಲ ಉಂಟು. ಹೇಗೂ ನಿನ್ನನ್ನು ನೋಡಿ ಮಾತಾಡಿಸಿ ಬರ್ಲಿಕ್ಕುಂಟು, ಹಾಗೇ ಇದನ್ನೂ ಬಿಗಿ ಮಾಡಿಸಿಕೊಂಡು ಬರುವ ಅಂತ ತಂದದ್ದು. ಇವರು ಸತ್ತರೆ ಮೀನು ಕೆಡುವುದು ನಿಲ್ತದಾ?”

ಪಾಲುದಾರ ಸ್ಕ್ರೂಡ್ರೈವರ್ ಹುಡುಕಲು ಎದ್ದ. ಬಹಳ ಹೊತ್ತು ಹುಡುಕಿದ. ಅದು ಅವನ ಜೇಬಿನಲ್ಲೇ ಇತ್ತು.

ಆ ದಿನ ವಾಪಸ್ ಬಂದದ್ದು ಒಂದೇ ವಸ್ತು. ಎಲ್ಲೂರಿನ ಒಂದು ಮನೆಗೆ ಅವನ ಅಮ್ಮ ಕೊಟ್ಟಿದ್ದ ಜಾತಕ. ಅವನು ಬದುಕಿದ್ದಾನೆ ಎಂದು ಹೇಳಿದ ಮೇಲೂ ಅವರು, ಇರಲಿ, ಈಗಲೇ ಬೇಡ ಎಂದರಂತೆ.

ಸಂಜೆ ಕಂಪ್ಯೂಟರ್ ಮುಚ್ಚುವಾಗ ಅವನು ಹೇಳಿದ, “ಫೋಟೋ ಇರಲಿ ಅತ್ತಿಗೆ. ಎರಡೂ.” ಸ್ವಲ್ಪ ಬಿಟ್ಟು, “ಹಾರ ಮಾತ್ರ ತೆಗೆಸಿ,” ಎಂದ.

ಮರುದಿನ ನಾನೇ ಕಾರ್ಕಳಕ್ಕೆ ಹೋದೆ. ಫೋನಿನಲ್ಲಿ ಹೇಳುವುದು ಇನ್ನು ಸಾಕು ಅನ್ನಿಸಿತು. ಸ್ಟುಡಿಯೋದವರು ನನಗೆ ಸ್ಟೂಲ್ ಹಾಕಿ, ಮುಖ ತಗ್ಗಿಸಿಕೊಂಡೇ ಫೈಲ್ ತೆರೆದರು. ಮೊದಲು ಪಾಲುದಾರನದ್ದು. ಫೋಟೋದ ಪಕ್ಕದಲ್ಲಿ ಒಂದು ಪಟ್ಟಿ ಇತ್ತು: ಹಿನ್ನೆಲೆ, ವ್ಯಕ್ತಿ, ಬೆಳಕು, ದೀಪ, ಹಾರ, ಒಂದರ ಮೇಲೊಂದು ಹಾಳೆ ಇಟ್ಟ ಹಾಗೆ. ಪ್ರತಿಯೊಂದರ ಎದುರಿಗೆ ಒಂದು ಸಣ್ಣ ಕಣ್ಣಿನ ಗುರುತು. ಹಾರದ ಎದುರಿನ ಕಣ್ಣು ಒತ್ತಿದರು. ಹಾರ ಹೋಯಿತು. ದೀಪ ಹೋಯಿತು. ಬೆಳಕು ಹೋಯಿತು. ಪಾಲುದಾರ ಮಾಮೂಲಿಯಂತೆ ಪೆಚ್ಚಾಗಿ ಉಳಿದ.

ಆಮೇಲೆ ಇವರದ್ದು ತೆರೆದರು. ಸ್ಕ್ರೀನ್ ತುಂಬ ಬಂತು.

“ಇದಕ್ಕೆ ಹಾರ ಇರಲಿ ಅಲ್ವಾ ಅಕ್ಕ?” ಎಂದು ಮೆಲ್ಲಗೆ ಕೇಳಿದರು.

“ಬೇಡ. ಮನೆಯಲ್ಲಿ ಒಂದು ಉಂಟು.” ಮನೆಯ ಚೌಕಟ್ಟಿನಲ್ಲಿರುವುದು ಆಧಾರ್ ಕಾರ್ಡಿನಿಂದ ಹಿಗ್ಗಿಸಿದ ಮುಖ, ಐದು ತಿಂಗಳು ಅದಕ್ಕೆ ಹೂ ಇಡುತ್ತಾ ನಾನು ಯಾರೋ ಗಂಭೀರ ಮನುಷ್ಯನ ಹೆಂಡತಿಯ ಹಾಗೆ ಬದುಕಿದ್ದೆ. “ಒಂದು ನಿಮಿಷ. ನಾನು ಒತ್ತಲಾ?”

ಅವರು ಮೌಸ್ ನನ್ನ ಕಡೆ ಸರಿಸಿದರು. ನಾನು ಬೆಳಕು, ದೀಪ ತೆಗೆದು, ಕೊನೆಗೆ ಹಾರದ ಕಣ್ಣು ಒತ್ತಿದೆ. ಕೆಳಗಿನಿಂದ ಅಂಗಿ ಕಾಣಿಸಿತು. ಎರಡನೆಯ ಗುಂಡಿ ಮೂರನೆಯ ತೂತಿಗೆ ಹಾಕಿಕೊಂಡಿದ್ದರು. ಆ ದಿನ ಕಾಪುವಿನಲ್ಲಿ ನಾನು ಅದನ್ನು ನೋಡಿರಲಿಲ್ಲ. ನೋಡಿದ್ದರೆ ಬೈದು ಸರಿ ಮಾಡಿಸುತ್ತಿದ್ದೆ.

“ಸರಿ ಮಾಡಿಕೊಡ್ತೇನೆ ಅಕ್ಕ, ಐದು ನಿಮಿಷದ ಕೆಲಸ.”

“ಅದು ಹಾಗೇ ಇರಲಿ,” ಎಂದೆ.

ಹೊಸ ಜಿಪ್ ಫೈಲನ್ನು ಹೊಸ ಹೆಸರಿನಲ್ಲಿ ಏರಿಸಿದೆ, ಹಳೆಯದು ಯಾರಿಗೂ ತಪ್ಪಿ ಸಿಗದಿರಲಿ ಎಂದು. ಈ ಸಲ ನಾನೇ ಇಳಿಸಿ, ಬಿಚ್ಚಿ, ಒಂದೊಂದನ್ನೂ ತೆರೆದು ನೋಡಿದೆ. ಫೋಟೋಗಳ ಕೆಳಗೆ, ಎಡಗಡೆ ಇವರು, ಬಲಗಡೆ ಪಾಲುದಾರ ಎಂದು ಹೆಸರು ಬರೆದೆ. ಫ್ಯಾಕ್ಟ್ ಶೀಟಿನ ಕೊನೆಯ ಸಾಲನ್ನು ಮುಟ್ಟಲಿಲ್ಲ.

ಮುಂದಿನ ವಾರ ಒಂದು ಮಾಸಪತ್ರಿಕೆಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ಪ್ರೆಸ್ ಪೇಜ್ ತುಂಬ ಅನುಕೂಲವಾಯಿತು ಎಂದಳು. ಆಮೇಲೆ, “ಎಡಗಡೆಯ ಸರ್ ಜೊತೆ ಮಾತಾಡಬಹುದಾ? ನೋಡಿದರೆ ಮಾತಾಡುವವರ ಹಾಗೆ ಕಾಣ್ತಾರೆ. ಬಲಗಡೆಯವರು ಸ್ವಲ್ಪ ಗಂಭೀರ.”

ಪಾಲುದಾರ ಪಕ್ಕದ ಮೇಜಿನಲ್ಲೇ ಇದ್ದ. ನಾನು ಅವನ ಕಡೆ ನೋಡಲಿಲ್ಲ.

“ಅವರು ಸಿಗುವುದಿಲ್ಲ,” ಎಂದೆ.

“ಯಾವಾಗ ಸಿಗ್ತಾರೆ ಮೇಡಂ?”

“ಫ್ಯಾಕ್ಟ್ ಶೀಟ್ ಇಳಿಸಿಕೊಂಡಿರಾ?”

“ಹೌದು.”

“ಓದಿದಿರಾ?”

ಆ ಕಡೆ ಕಾಗದದ ಸದ್ದು. ಆಮೇಲೆ ಸಣ್ಣ ಸ್ವರದಲ್ಲಿ, “ಸಾರಿ ಮೇಡಂ. ನಾನು ಫೋಟೋ ಮಾತ್ರ ನೋಡಿದ್ದೆ,” ಎಂದಳು.

“ಪರವಾಗಿಲ್ಲ. ಎಲ್ಲರೂ ಅಷ್ಟೇ ನೋಡುವುದು. ನಾನು ಅವರ ಹೆಂಡತಿ. ಎಂತ ಕೇಳ್ಬೇಕಿತ್ತು?”

ಅವಳು ತಡವರಿಸಿದಳು. “ಈ ಡಬ್ಬಿಯ ಯೋಚನೆ ಮೊದಲು ಬಂದದ್ದು ಯಾರಿಗೆ ಅಂತ.”

ಐದು ತಿಂಗಳಿನಿಂದ ಬಂದವರೆಲ್ಲ ನನ್ನ ಹತ್ತಿರ ಅವರು ಹೇಗೆ ಹೋದರು ಎಂದು ಕೇಳಿದ್ದರು. ಅವರು ಏನು ಮಾಡಿದ್ದರು ಎಂದು ಕೇಳಿದವಳು ಇವಳೇ ಮೊದಲು. ನಾನು ಕುರ್ಚಿ ಎಳೆದು ಸರಿಯಾಗಿ ಕೂತೆ.

“ಬರೆದುಕೊಳ್ಳಿ,” ಎಂದೆ. “ಒಂದು ಮಳೆಗಾಲದ ಮೊದಲು ಇವರು ಹತ್ತಿರದವರ ಮದುವೆಗೆಂದು ಪೆರ್ಡೂರಿಗೆ ಒಂದು ಕ್ರೇಟು ಮೀನು ಹೊತ್ತುಕೊಂಡು ಹೋದರು. ದಾರಿಯಲ್ಲಿ ಸಿಕ್ಕಿದವರೊಟ್ಟಿಗೆಲ್ಲ ಮಾತಾಡಿಕೊಂಡು ಹೋದರು. ಮದುವೆಮನೆ ತಲುಪುವುದಕ್ಕಿಂತ ಮೊದಲು ವಾಸನೆ ತಲುಪಿತ್ತು.”

ಅವಳು ನಕ್ಕಳು. ನಾನು ಮುಂದುವರಿಸಿದೆ. ಅರ್ಧ ಗಂಟೆಯಾಗಿರಬೇಕು. ಮಧ್ಯದಲ್ಲಿ ಪಾಲುದಾರ ಕೈ ಎತ್ತಿ, ತುಟಿಯಲ್ಲೇ ಹೇಳಿದ: ಅತ್ತಿಗೆ, ಆ ಕ್ರೇಟು ಹೊತ್ತದ್ದು ನಾನು.

ನಾನು ಫೋನಿನ ಬಾಯಿ ಮುಚ್ಚಿ, “ಫ್ಯಾಕ್ಟ್ ಶೀಟಿನಲ್ಲಿ ಹಾಗೆ ಇಲ್ಲ,” ಎಂದು ಹೇಳಿ, ಮುಂದಿನ ಭಾಗಕ್ಕೆ ಹೋದೆ.